ಡೇರಿಯ ನೋಟಿಸ್ ಬೋರ್ಡಿಗೆ REPT ಪಟ್ಟಿ ಮತ್ತು ನಕ್ಷತ್ರ: ಒಂದು ಪ್ರಕರಣ

ಊರಿನ ಹಾಲು ಉತ್ಪಾದಕರ ಸಹಕಾರ ಸಂಘವೊಂದನ್ನು ತೆಗೆದುಕೊಳ್ಳೋಣ. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಆ ಹೊತ್ತಿಗೆ ಯಾವ ಸದಸ್ಯರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು ಎಂಬ ಒಂದು ಹಾಳೆ ನೋಟಿಸ್ ಬೋರ್ಡಿಗೆ ಬೀಳಬೇಕು. ಕಾರ್ಯದರ್ಶಿ ಅದನ್ನು ಎಕ್ಸೆಲ್‌ನಲ್ಲಿ ಮಾಡುತ್ತಾರೆ, ನಿರ್ದೇಶಕರಲ್ಲಿ ಕೆಲವರು ಮೊಬೈಲಿನ ಗೂಗಲ್ ಶೀಟ್ಸ್‌ನಲ್ಲಿ ತೆರೆಯುತ್ತಾರೆ, ಪ್ರಿಂಟ್ ತೆಗೆಯುವುದು ಕಪ್ಪು-ಬಿಳುಪಿನ ಲೇಸರ್ ಪ್ರಿಂಟರಿನಲ್ಲಿ. ಬರೀ ಅಂಕಿ ಇದ್ದರೆ ಯಾರೂ ನಿಂತು ನೋಡುವುದಿಲ್ಲ. ಪ್ರತಿ ಸಾಲಿನಲ್ಲಿ ಲೀಟರಿಗೆ ಒಂದು ಪಟ್ಟಿ, ಫ್ಯಾಟಿಗೆ ನಕ್ಷತ್ರ ಇರಬೇಕು ಎಂಬುದು ಬೇಡಿಕೆ.

ಎಕ್ಸೆಲ್‌ನಲ್ಲೇ ಡೇಟಾ ಬಾರ್ ಇದೆಯಲ್ಲ ಎಂದು ಕೇಳಬಹುದು. ಹಾಳೆ ಎಕ್ಸೆಲ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ ಎನ್ನುವುದಾದರೆ ಅದನ್ನೇ ಬಳಸಿ, ಒಂದು ಅಕ್ಷರವನ್ನು ಬೇಕಾದಷ್ಟು ಸಲ ಬರೆಯುವ REPT ಫಂಕ್ಷನ್ನಿನ ಗೊಡವೆ ಬೇಡ. ಆದರೆ ಗೂಗಲ್ ಶೀಟ್ಸ್‌ನಲ್ಲಿ ಆ ಡೇಟಾ ಬಾರ್ ಇಲ್ಲ. ಅಲ್ಲಿರುವ SPARKLINE ಫಂಕ್ಷನ್ ಎಕ್ಸೆಲ್‌ಗೆ ಗೊತ್ತಿಲ್ಲ. REPT ಎರಡು ಕಡೆಯೂ ಇದೆ, ಲಿಬ್ರೆ ಆಫೀಸಿನಲ್ಲೂ ಇದೆ. ಅದು ಬಿಡಿಸುವುದು ಚಿತ್ರವನ್ನಲ್ಲ, ಅಕ್ಷರಗಳ ಸಾಲನ್ನು. ಹಾಗಾಗಿ ಎಲ್ಲಿ ಅಕ್ಷರ ಕಾಣುತ್ತದೋ ಅಲ್ಲಿ ಪಟ್ಟಿಯೂ ಕಾಣುತ್ತದೆ. ಈ ಪ್ರಕರಣದ ಅನುಕೂಲಗಳೂ ತೊಡಕುಗಳೂ ಹುಟ್ಟುವುದು ಈ ಒಂದು ಗುಣದಿಂದಲೇ.

ಮಾದರಿಗೆಂದು ಇಟ್ಟುಕೊಂಡ ಎಂಟು ಸಾಲುಗಳು ಇವು. ಮೂರನೇ ಸಾಲು ತಲೆಬರಹ, ಅಂಕಿಗಳು 4ರಿಂದ 11ನೇ ಸಾಲಿನವರೆಗೆ.

| A: ಸದಸ್ಯ ಸಂಖ್ಯೆ | B: ಲೀಟರ್ | C: ಫ್ಯಾಟ್ |
|---|---|---|
| 12 | 412 | 3.9 |
| 17 | 236 | 4.2 |
| 23 | 96 | 3.6 |
| 31 | 305 | 3.5 |
| 38 | 48 | 4.5 |
| 44 | 9 | 4.0 |
| 52 | 178 | 3.4 |
| 60 | 148 | 3.8 |

ಒಂದು ಬ್ಲಾಕಿಗೆ ಎಷ್ಟು ಲೀಟರ್

REPT ಎರಡೇ ವಿಷಯ ಕೇಳುತ್ತದೆ: ಯಾವ ಅಕ್ಷರ, ಎಷ್ಟು ಸಲ. `=REPT("█",5)` ಎಂದರೆ ಐದು ಬ್ಲಾಕ್. ನೇರವಾಗಿ `=REPT("█",B4)` ಎಂದು ಬರೆದರೆ 412 ಬ್ಲಾಕ್ ಬಂದು ಪಟ್ಟಿ ಹಾಳೆಯ ಆಚೆ ಹೋಗುತ್ತದೆ. ಆದ್ದರಿಂದ ಅಳತೆ ಇಳಿಸಬೇಕು.

ಹೆಚ್ಚಿನವರು ಮೊದಲು ಮಾಡುವುದು, ಗುಂಪಿನಲ್ಲಿ ಅತಿ ದೊಡ್ಡ ಅಂಕಿಗೆ ಪೂರ್ತಿ ಪಟ್ಟಿ ಕೊಟ್ಟು ಉಳಿದವಕ್ಕೆ ಅದರ ಪ್ರಮಾಣದಲ್ಲಿ ಕೊಡುವುದು:

```
=REPT("█",ROUND(B4/MAX($B$4:$B$11)*25,0))
```

ಸೂತ್ರ ತಪ್ಪಲ್ಲ, ಆದರೆ ನೋಟಿಸ್ ಬೋರ್ಡಿಗೆ ಇದು ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಹಸಿ ಮೇವು ಮುಗಿದು ಎಲ್ಲರ ಹಾಲೂ ಅರ್ಧಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ದೊಡ್ಡ ಅಂಕಿಯೂ ಅರ್ಧಕ್ಕೆ ಇಳಿದಿರುವುದರಿಂದ ಪಟ್ಟಿಗಳು ಕಳೆದ ಸಲದಷ್ಟೇ ಉದ್ದ ಇರುತ್ತವೆ. ಎರಡು ಬಟವಾಡೆಯ ಹಾಳೆಗಳನ್ನು ಅಕ್ಕಪಕ್ಕ ಅಂಟಿಸಿದರೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಅದಕ್ಕಿಂತ, G1 ಸೆಲ್‌ನಲ್ಲಿ 20 ಎಂದು ಬರೆದು, ಒಂದು ಬ್ಲಾಕ್ ಎಂದರೆ 20 ಲೀಟರ್ ಎಂದು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. 25 ಬ್ಲಾಕಿಗೆ 500 ಲೀಟರ್. ಈ ಗುಂಪಿಗೆ ಅದು ಸಾಕು. ಹಾಳೆಯ ಕೆಳಗೆ "█ = 20 ಲೀಟರ್" ಎಂದು ಒಂದು ಸಾಲು ಹಾಕಿದರೆ ಓದುವವರಿಗೂ ಸ್ಪಷ್ಟ.

MAX ದಾರಿಯನ್ನೇ ಹಿಡಿಯುವವರು ಡಾಲರ್ ಗುರುತನ್ನು ಮರೆಯಬಾರದು. ಅದಿಲ್ಲದೆ ಸೂತ್ರವನ್ನು ಕೆಳಗೆ ಎಳೆದರೆ ವ್ಯಾಪ್ತಿಯೂ ಸಾಲು ಸಾಲಾಗಿ ಕೆಳಗೆ ಜಾರುತ್ತದೆ. 11ನೇ ಸಾಲಿಗೆ ಬರುವಾಗ ಅದು B11ರಿಂದ B18ರವರೆಗೆ ನೋಡುತ್ತಿರುತ್ತದೆ, ಅಲ್ಲಿ 148 ಬಿಟ್ಟರೆ ಬೇರೆ ಅಂಕಿಯೇ ಇಲ್ಲ. ಆದ್ದರಿಂದ 148 ಲೀಟರಿನವರಿಗೆ 412 ಲೀಟರಿನವರಷ್ಟೇ ಉದ್ದದ ಪಟ್ಟಿ ಬರುತ್ತದೆ. ಕೊನೆಯ ಸಾಲು ಕಾರಣವಿಲ್ಲದೆ ಪೂರ್ತಿ ತುಂಬಿದ್ದರೆ ಮೊದಲು ಡಾಲರ್ ಗುರುತು ನೋಡಿ.

9 ಲೀಟರಿನವರ ಪಟ್ಟಿ ಎಲ್ಲಿ ಹೋಯಿತು

REPT ಭಿನ್ನಾಂಶವನ್ನು ಕತ್ತರಿಸಿ ಬಿಸಾಡುತ್ತದೆ, ಹತ್ತಿರದ ಪೂರ್ಣಾಂಕಕ್ಕೆ ಹೋಗುವುದಿಲ್ಲ. 96 ಲೀಟರನ್ನು 20ರಿಂದ ಭಾಗಿಸಿದರೆ 4.8. `=REPT("█",B6/$G$1)` ಎಂದರೆ ನಾಲ್ಕೇ ಬ್ಲಾಕ್, ಅಂದರೆ ಕಣ್ಣಿಗೆ 80 ಲೀಟರ್. ಹಾಗೆಯೇ 178 ಲೀಟರಿಗೆ 8.9 ಬಂದು ಎಂಟೇ ಬ್ಲಾಕ್. ಎಲ್ಲರ ಪಟ್ಟಿಯೂ ಸ್ವಲ್ಪ ಸ್ವಲ್ಪ ಕಡಿಮೆ, ಕೆಲವರದು ಒಂದು ಬ್ಲಾಕಿನ ಹತ್ತಿರ ಹತ್ತಿರ ಕಡಿಮೆ. ROUND ಹಾಕಿದರೆ ಇದು ಸರಿಹೋಗುತ್ತದೆ, 96ಕ್ಕೆ ಐದು, 178ಕ್ಕೆ ಒಂಬತ್ತು.

44ನೇ ಸದಸ್ಯರದು ROUNDಗೂ ಬಗ್ಗದ ಪ್ರಶ್ನೆ. ಹಸು ಗಬ್ಬವಾಗಿ ಹಾಲು ಬತ್ತುತ್ತಾ ಬಂದಿರುವುದರಿಂದ 9 ಲೀಟರ್ ಮಾತ್ರ. 9ನ್ನು 20ರಿಂದ ಭಾಗಿಸಿದರೆ 0.45, ROUND ಮಾಡಿದರೆ ಸೊನ್ನೆ. ಸೊನ್ನೆ ಸಲ ಎಂದರೆ REPT ಖಾಲಿ ಪಠ್ಯ ಕೊಡುತ್ತದೆ, ತಪ್ಪು ಸಂದೇಶ ಬರುವುದಿಲ್ಲ. ಹಾಲು ಹಾಕಿದವರ ಸಾಲೂ ಹಾಕದವರ ಸಾಲೂ ಬೋರ್ಡಿನಲ್ಲಿ ಒಂದೇ ಥರ ಕಾಣುತ್ತವೆ. ಸಂಘದಲ್ಲಿ ಇದು ಜಗಳದ ವಿಷಯ.

ಅರ್ಧ ಬ್ಲಾಕ್ ಸೇರಿಸಿದರೆ ಇದಕ್ಕೆ ಪರಿಹಾರ ಸಿಗುತ್ತದೆ. ಯೂನಿಕೋಡಿನಲ್ಲಿ █ ಎಂಬುದು 9608ನೇ ಚಿಹ್ನೆ, ಎಡ ಅರ್ಧ ಮಾತ್ರ ತುಂಬಿದ ▌ 9612ನೆಯದು. ಲೆಕ್ಕವನ್ನು ಅರ್ಧ ಬ್ಲಾಕಿನಲ್ಲಿ, ಅಂದರೆ 10 ಲೀಟರಿನ ಮೆಟ್ಟಿಲಿನಲ್ಲಿ ಮಾಡಿ, ಆಮೇಲೆ ಪೂರ್ತಿ ಬ್ಲಾಕ್ ಎಷ್ಟು, ಉಳಿದ ಅರ್ಧ ಇದೆಯೇ ಎಂದು ಬೇರ್ಪಡಿಸಬೇಕು. ಒಂದೇ ಲೆಕ್ಕವನ್ನು ಸೂತ್ರದಲ್ಲಿ ಎರಡು ಸಲ ಬರೆಯುವುದಕ್ಕಿಂತ H ಕಾಲಮ್ಮಿನಲ್ಲಿ ಒಮ್ಮೆ ಬರೆದು ಆ ಕಾಲಮ್ಮನ್ನು ಮರೆಮಾಡಿಬಿಡುವುದು ಸುಲಭ. H4ರಲ್ಲಿ:

```
=ROUND(B4/$G$1*2,0)
```

D4ರಲ್ಲಿ:

```
=REPT("█",INT(H4/2))&REPT("▌",MOD(H4,2))
```

ಎರಡನೇ REPT ಇಲ್ಲಿ IF ಮಾಡುವ ಕೆಲಸವನ್ನು ಮಾಡುತ್ತಿದೆ. ಉಳಿಕೆ 1 ಇದ್ದರೆ ಅರ್ಧ ಬ್ಲಾಕ್ ಒಂದು ಸಲ, 0 ಇದ್ದರೆ ಏನೂ ಇಲ್ಲ. ಈಗ 9 ಲೀಟರಿಗೆ 0.9 ಬಂದು ROUND ಅದನ್ನು 1 ಮಾಡುತ್ತದೆ, ಅರ್ಧ ಬ್ಲಾಕ್ ಕಾಣುತ್ತದೆ. 412ಕ್ಕೆ 41, ಅಂದರೆ ಇಪ್ಪತ್ತೂವರೆ ಬ್ಲಾಕ್. 48ಕ್ಕೆ ಎರಡೂವರೆ, 148ಕ್ಕೆ ಏಳೂವರೆ. 5 ಲೀಟರಿಗಿಂತ ಕಡಿಮೆ ಹಾಕಿದವರು ಮಾತ್ರ ಇನ್ನೂ ಕಾಣುವುದಿಲ್ಲ.

ಒಂದು ಬ್ಲಾಕನ್ನು ಎಂಟು ಭಾಗ ಮಾಡಿದ ಚಿಹ್ನೆಗಳೂ ಯೂನಿಕೋಡಿನಲ್ಲಿವೆ, 9609ರಿಂದ 9615ರವರೆಗೆ. ಇನ್ನೂ ನಯವಾದ ಪಟ್ಟಿ ಬೇಕೆನ್ನುವವರಿಗೆ ಅದು ಆಸೆ ಹುಟ್ಟಿಸುತ್ತದೆ. ಆದರೆ ಹಲವು ಸಾಮಾನ್ಯ ಫಾಂಟುಗಳಲ್ಲಿ █ ಮತ್ತು ▌ ಇರುತ್ತವೆ, ಎಂಟನೇ ಭಾಗದವು ಇರುವುದಿಲ್ಲ. ಫಾಂಟಿನಲ್ಲಿ ಇಲ್ಲದ ಚಿಹ್ನೆಯನ್ನು ತಂತ್ರಾಂಶ ಬೇರೊಂದು ಫಾಂಟಿನಿಂದ ಎರವಲು ತರುತ್ತದೆ, ಆಗ ಅದರ ಅಗಲ ಮತ್ತು ಎತ್ತರ ಪಕ್ಕದ ಬ್ಲಾಕಿಗೆ ಹೊಂದುವುದಿಲ್ಲ. ಪಟ್ಟಿಯ ತುದಿಯಲ್ಲಿ ಒಂದು ಮೆಟ್ಟಿಲು ಎದ್ದಂತೆ ಕಾಣುವುದು ಇದರಿಂದಲೇ. ಅರ್ಧ ಬ್ಲಾಕಿಗೆ ನಿಲ್ಲಿಸುವುದು ಮೇಲು.

ಸದ್ದಿಲ್ಲದೆ ಕತ್ತರಿಸಿ ಹೋಗುವ ತುದಿ

ಈ ಇಡೀ ವಿಧಾನದ ದೊಡ್ಡ ಅಪಾಯ ಇದು. ಸಂಖ್ಯೆ ಸೆಲ್‌ನಲ್ಲಿ ಹಿಡಿಯದಿದ್ದರೆ ಎಕ್ಸೆಲ್ `####` ತೋರಿಸಿ ಎಚ್ಚರಿಸುತ್ತದೆ. ಪಠ್ಯಕ್ಕೆ ಆ ಎಚ್ಚರಿಕೆ ಇಲ್ಲ. ಪಕ್ಕದ ಸೆಲ್ ಖಾಲಿ ಇದ್ದರೆ ಪಠ್ಯ ಅದರ ಮೇಲೆ ಹರಿಯುತ್ತದೆ, ಖಾಲಿ ಇಲ್ಲದಿದ್ದರೆ ಕಾಲಮ್ಮಿನ ಅಂಚಿನಲ್ಲಿ ಕಡಿದು ನಿಲ್ಲುತ್ತದೆ. ನಮ್ಮ ಹಾಳೆಯಲ್ಲಿ D ಪಕ್ಕದ E ಕಾಲಮ್ಮಿನಲ್ಲಿ ನಕ್ಷತ್ರಗಳಿರುತ್ತವೆ. ಅಲ್ಲಿ ಸೂತ್ರ ಖಾಲಿ ಪಠ್ಯ ಕೊಟ್ಟಿದ್ದರೂ ಆ ಸೆಲ್ ಖಾಲಿ ಎಂದು ಲೆಕ್ಕಕ್ಕೆ ಬರುವುದಿಲ್ಲ. ಕಾಲಮ್ಮಿನ ಅಗಲ 25 ಬ್ಲಾಕಿಗೆ ಇದ್ದು, ಯಾರೋ ಒಬ್ಬರು 620 ಲೀಟರ್ ಹಾಕಿದರೆ 31 ಬ್ಲಾಕ್ ಬರಬೇಕು, ಕಾಣುವುದು 25. 500 ಲೀಟರಿನವರಿಗೂ ಅವರಿಗೂ ವ್ಯತ್ಯಾಸವೇ ಇಲ್ಲ.

ಇದಕ್ಕೆ ಮೇಲ್ಮಿತಿ ಹಾಕಿ, ಮಿತಿ ದಾಟಿದವರ ತುದಿಗೆ ಬಾಣದ ಗುರುತು ಕೊಡಬೇಕು. H4 ಹೀಗಾಗುತ್ತದೆ:

```
=MIN(50,ROUND(B4/$G$1*2,0))
```

D4 ಹೀಗೆ:

```
=REPT("█",INT(H4/2))&REPT("▌",MOD(H4,2))&IF(B4>25*$G$1,"►","")
```

ಕಾಲಮ್ಮಿನ ಅಗಲವನ್ನು ಅಂದಾಜಿನಲ್ಲಿ ಇಡಬೇಡಿ. ಒಂದು ಸಾಲಿನಲ್ಲಿ ತಾತ್ಕಾಲಿಕವಾಗಿ 520 ಎಂದು ಹೊಡೆದು, 25 ಬ್ಲಾಕೂ ಬಾಣವೂ ಪೂರ್ತಿ ಕಾಣುವಷ್ಟು ಅಗಲ ಮಾಡಿ, ಆಮೇಲೆ ಹಳೆಯ ಅಂಕಿ ಹಾಕಿ. ಪ್ರಿಂಟ್ ಪ್ರಿವ್ಯೂನಲ್ಲಿ ಇನ್ನೊಮ್ಮೆ ನೋಡಿ, ಏಕೆಂದರೆ ಪರದೆಯ ಮೇಲಿನ ಅಕ್ಷರದ ಅಗಲವೂ ಕಾಗದದ ಮೇಲಿನದೂ ಕೂದಲೆಳೆಯಷ್ಟು ಬೇರೆ ಇರುತ್ತವೆ. 25 ಅಕ್ಷರ ಸೇರಿದಾಗ ಆ ಕೂದಲೆಳೆ ಒಂದು ಬ್ಲಾಕೇ ಆಗಬಹುದು.

ಪಟ್ಟಿ ಹಿಡಿಯುತ್ತಿಲ್ಲ ಎಂದು ಫಾರ್ಮ್ಯಾಟ್ ಸೆಲ್ಸ್‌ಗೆ ಹೋಗಿ `Shrink to fit` ಒತ್ತುವುದು ಸಹಜ. ದಯವಿಟ್ಟು ಬೇಡ. ಅದು ಪ್ರತಿ ಸೆಲ್‌ನ ಅಕ್ಷರವನ್ನು ಆ ಸೆಲ್‌ನ ಮಟ್ಟಿಗೆ ಮಾತ್ರ ಚಿಕ್ಕದು ಮಾಡುತ್ತದೆ. ಉದ್ದ ಪಟ್ಟಿಯ ಬ್ಲಾಕುಗಳು ಸಣ್ಣದಾಗುತ್ತವೆ, ಗಿಡ್ಡ ಪಟ್ಟಿಯವು ಮೊದಲಿನಷ್ಟೇ ದಪ್ಪ ಉಳಿಯುತ್ತವೆ. ಒಂದು ಬ್ಲಾಕ್ ಎಂದರೆ 20 ಲೀಟರ್ ಎಂಬ ಮಾತು ಅಲ್ಲಿಗೇ ಮುಗಿಯಿತು. `Wrap Text` ಒತ್ತಿದರೆ ಪಟ್ಟಿ ಎರಡು ಸಾಲಾಗಿ ಒಡೆಯುತ್ತದೆ. ಅದು ಕನಿಷ್ಠ ಕಣ್ಣಿಗೆ ಕಾಣುವ ತಪ್ಪು.

ಪಟ್ಟಿ ಸರಿ, ಮೊತ್ತ ತಪ್ಪು

ಹಾಲು ಅಳೆಯುವ ಯಂತ್ರದ ತಂತ್ರಾಂಶದಿಂದಲೋ ಬೇರೆ ಫೈಲಿನಿಂದಲೋ ಅಂಕಿ ನಕಲಿಸಿ ತಂದಾಗ ಕೆಲವು ಸೆಲ್‌ಗಳು ಸಂಖ್ಯೆಯಾಗಿ ಬರದೆ ಪಠ್ಯವಾಗಿ ಬರುತ್ತವೆ. B4ರ 412 ಹಾಗೆ ಬಂದಿದೆ ಎನ್ನಿ. `B4/$G$1` ಎಂಬ ಭಾಗಾಕಾರದಲ್ಲಿ ಎಕ್ಸೆಲ್ ಆ ಪಠ್ಯವನ್ನು ತಾನೇ ಸಂಖ್ಯೆ ಮಾಡಿಕೊಂಡು ಲೆಕ್ಕ ಹಾಕುತ್ತದೆ, ಆದ್ದರಿಂದ ಪಟ್ಟಿ ಇಪ್ಪತ್ತೂವರೆ ಬ್ಲಾಕ್, ಸರಿಯಾಗಿಯೇ ಇದೆ. SUM ಮತ್ತು MAX ಮಾತ್ರ ವ್ಯಾಪ್ತಿಯಲ್ಲಿರುವ ಪಠ್ಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂಟು ಸಾಲಿನ ಮೊತ್ತ 1432 ಲೀಟರ್ ಆಗಬೇಕಾದಲ್ಲಿ 1020 ಎಂದು ಬರುತ್ತದೆ. ಪಟ್ಟಿ ನೋಡಿ ಅಂಕಿ ಸರಿಯಿದೆ ಎಂದು ನಂಬಿದವರಿಗೆ ಈ ತಪ್ಪು ಹೊಳೆಯುವುದೇ ಇಲ್ಲ.

ಮೇಲಿನ ಬಾಣದ ಗುರುತು ಇಲ್ಲಿ ಅಚಾನಕ್ಕಾಗಿ ನೆರವಿಗೆ ಬರುತ್ತದೆ. ಹೋಲಿಕೆಯಲ್ಲಿ ಎಕ್ಸೆಲ್ ಪಠ್ಯವನ್ನು ಯಾವತ್ತೂ ಸಂಖ್ಯೆಗಿಂತ ದೊಡ್ಡದೆಂದೇ ಪರಿಗಣಿಸುತ್ತದೆ. ಪಠ್ಯವಾಗಿರುವ 412 ಅದರ ಪ್ರಕಾರ 500ಕ್ಕಿಂತ ದೊಡ್ಡದು. ಹೀಗೆ 25 ಬ್ಲಾಕ್ ತುಂಬದ ಪಟ್ಟಿಯ ತುದಿಯಲ್ಲಿ ಬಾಣ ಕಂಡರೆ ಆ ಅಂಕಿ ಪಠ್ಯ ಎಂದು ತಿಳಿಯಬಹುದು. ಇದೇ ಹಾಳೆಯಲ್ಲಿ MAX ಸೂತ್ರ ಇಟ್ಟಿದ್ದರೆ ತಪ್ಪು ಬೇರೆ ಥರ ಹೊರಬೀಳುತ್ತಿತ್ತು. MAX 305ಕ್ಕೆ ನಿಂತು, 412ಕ್ಕೆ 34 ಬ್ಲಾಕ್ ಬರುತ್ತಿತ್ತು. ಖಚಿತ ಮಾಡಿಕೊಳ್ಳಲು `=COUNT(B4:B11)` ಹಾಕಿ ನೋಡಿ. 8 ಬರಬೇಕು, 7 ಬಂದರೆ ಒಂದು ಪಠ್ಯ ಇದೆ. ಆ ಕಾಲಮ್ಮನ್ನು ಆಯ್ದು ಡೇಟಾ ಟ್ಯಾಬಿನ `Text to Columns` ತೆರೆದು ನೇರವಾಗಿ `Finish` ಒತ್ತಿದರೆ ಎಲ್ಲವೂ ಸಂಖ್ಯೆಯಾಗುತ್ತವೆ.

ಅಂಕಿಯ ಜೊತೆಗೇ ಘಟಕ ಸೇರಿಸಿ "96 ಲೀ" ಎಂದು ಹೊಡೆಯುವ ಅಭ್ಯಾಸ ಇದ್ದರೆ ಪಟ್ಟಿಯ ಜಾಗದಲ್ಲಿ `#VALUE!` ಬರುತ್ತದೆ. ಅದೇ ವಾಸಿ, ಕೂಡಲೇ ಗೊತ್ತಾಗುತ್ತದೆ.

ಫ್ಯಾಟಿಗೆ ಪಟ್ಟಿ ಯಾಕೆ ಬೇಡ

ಲೀಟರ್ 9ರಿಂದ 412ರವರೆಗೆ ಹರಡಿದೆ. ಫ್ಯಾಟ್ ಹಾಗಲ್ಲ, ಇಲ್ಲಿ 3.4ರಿಂದ 4.5. ಸೊನ್ನೆಯಿಂದ ಶುರುವಾಗುವ ಪಟ್ಟಿ ಹಾಕಿದರೆ ಎಂಟೂ ಹೆಚ್ಚುಕಡಿಮೆ ಒಂದೇ ಉದ್ದ ಕಾಣುತ್ತವೆ. 3.4ರಿಂದ ಶುರು ಮಾಡಿದರೆ 52ನೇ ಸದಸ್ಯರಿಗೆ ಪಟ್ಟಿಯೇ ಇಲ್ಲದಂತಾಗಿ ಅವರ ಹಾಲಿನಲ್ಲಿ ಕೊಬ್ಬೇ ಇಲ್ಲವೇನೋ ಅನ್ನಿಸುತ್ತದೆ. ಹತ್ತಿರ ಹತ್ತಿರದ ಅಂಕಿಗಳಿಗೆ ಮಟ್ಟ ಮಾಡಿ ನಕ್ಷತ್ರ ಕೊಡುವುದು ಸರಿಯಾದ ದಾರಿ.

ಮಟ್ಟಗಳನ್ನು ಸೂತ್ರದೊಳಗೆ ಹುದುಗಿಸದೆ K4ರಿಂದ K8ರವರೆಗೆ ಒಂದರ ಕೆಳಗೊಂದು ಬರೆಯಿರಿ: 0, 3.5, 3.8, 4.1, 4.4. ಇದು ಈ ಸಂಘ ತನಗಾಗಿ ಇಟ್ಟುಕೊಂಡ ಗೆರೆ, ಬೇರೆಯವರು ಬೇರೆ ಇಟ್ಟುಕೊಳ್ಳಬಹುದು. ಎಮ್ಮೆ ಹಾಲು ಹಾಕುವವರಿದ್ದರೆ ಅವರಿಗೆ ಬೇರೆಯದೇ ಮಟ್ಟ ಬೇಕು, ಇಲ್ಲದಿದ್ದರೆ ಅವರಿಗೆಲ್ಲ ಕಣ್ಣುಮುಚ್ಚಿ ಐದು ನಕ್ಷತ್ರ ಬೀಳುತ್ತದೆ. I4ರಲ್ಲಿ:

```
=IF(C4="","",MATCH(ROUND(C4,1),$K$4:$K$8,1))
```

E4ರಲ್ಲಿ:

```
=IF(I4="","",REPT("★",I4)&REPT("☆",5-I4))
```

MATCH ತನಗೆ ಕೊಟ್ಟ ಅಂಕಿಯನ್ನು ಮೀರದ ಕೊನೆಯ ಗೆರೆ ಎಷ್ಟನೆಯದು ಎಂದು ಹೇಳುತ್ತದೆ. ಆ ಸ್ಥಾನವೇ ನಕ್ಷತ್ರದ ಸಂಖ್ಯೆ. 3.9 ಮೂರನೇ ಗೆರೆ ದಾಟಿದೆ, ನಾಲ್ಕನೆಯದನ್ನು ದಾಟಿಲ್ಲ, ಆದ್ದರಿಂದ ★★★☆☆. 4.5ಕ್ಕೆ ಐದೂ ತುಂಬಿದವು, 3.4ಕ್ಕೆ ಒಂದೇ. ಗೆರೆಗಳು ಸಣ್ಣದರಿಂದ ದೊಡ್ಡದಕ್ಕೆ ಇರಲೇಬೇಕು, ತಿರುಗಾಮುರುಗಾ ಇದ್ದರೆ ಉತ್ತರ ನಂಬುವಂತಿಲ್ಲ.

ಶುರುವಿನ IF ಶೋಕಿಗೆ ಇಟ್ಟದ್ದಲ್ಲ. ಅದಿಲ್ಲದಿದ್ದರೆ ಖಾಲಿ ಸೆಲ್ ಸೊನ್ನೆ ಎಂದಾಗಿ, ಸೊನ್ನೆ ಮೊದಲ ಗೆರೆಗೆ ಹೊಂದಿ, ಈ ಸಲ ಹಾಲೇ ಹಾಕದವರಿಗೆ ಒಂದು ನಕ್ಷತ್ರ ಬರುತ್ತದೆ. ಒಳಗಿನ ROUND ಇನ್ನೂ ಮುಖ್ಯ. ಹದಿನೈದು ದಿನದ ಫ್ಯಾಟನ್ನು ಸರಳ ಸರಾಸರಿ ಮಾಡುವುದಲ್ಲ. ಪ್ರತಿ ಹೊತ್ತಿನ ಲೀಟರನ್ನು ಆ ಹೊತ್ತಿನ ಫ್ಯಾಟಿನಿಂದ ಗುಣಿಸಿ, ಕೂಡಿಸಿ, ಒಟ್ಟು ಲೀಟರಿನಿಂದ ಭಾಗಿಸಬೇಕು. ಹಾಗೆ ಬಂದದ್ದು 3.7986 ಇರಬಹುದು. ಸೆಲ್‌ನಲ್ಲಿ ಒಂದೇ ದಶಮಾಂಶ ತೋರಿಸುವಂತೆ ಇಟ್ಟಿದ್ದರೆ ಕಾಣುವುದು 3.8, ಆದರೆ MATCH ನೋಡುವುದು ಒಳಗಿನ ಅಂಕಿಯನ್ನು, ಅದು 3.8ರ ಗೆರೆ ದಾಟಿಲ್ಲ. ಬೋರ್ಡಿನಲ್ಲಿ 3.8 ಎಂದೇ ಬರೆದಿರುವ ಇಬ್ಬರಲ್ಲಿ ಒಬ್ಬರಿಗೆ ಮೂರು ನಕ್ಷತ್ರ, ಇನ್ನೊಬ್ಬರಿಗೆ ಎರಡು. ಕಾರ್ಯದರ್ಶಿಯ ಬಳಿ ಅದಕ್ಕೆ ಉತ್ತರ ಇರುವುದಿಲ್ಲ.

ಮುಂದೊಂದು ದಿನ ಯಾರಾದರೂ K9ರಲ್ಲಿ ಆರನೇ ಗೆರೆ ಸೇರಿಸಿ ವ್ಯಾಪ್ತಿಯನ್ನು ಹಿಗ್ಗಿಸಿದರೆ, ಆ ಗೆರೆ ದಾಟಿದವರ ಸಾಲಿನಲ್ಲಿ 5-6 ಎಂದಾಗಿ REPTಗೆ ಋಣ ಸಂಖ್ಯೆ ಸಿಗುತ್ತದೆ. ಋಣ ಸಂಖ್ಯೆಗೆ ಅದರ ಉತ್ತರ `#VALUE!`. ಆಗ 5 ಎಂಬುದನ್ನೂ 6 ಮಾಡಬೇಕು.

ಖಾಲಿ ನಕ್ಷತ್ರಕ್ಕೆ ☆ ಬಳಸಿರುವುದಕ್ಕೂ ಕಾರಣವಿದೆ. ಸೂತ್ರದ ಉತ್ತರದಲ್ಲಿ ಕೆಲವು ಅಕ್ಷರಕ್ಕೆ ಮಾತ್ರ ಬಣ್ಣ ಕೊಡಲು ಎಕ್ಸೆಲ್ ಬಿಡುವುದಿಲ್ಲ, ಕೊಟ್ಟರೆ ಇಡೀ ಸೆಲ್‌ಗೆ. ಹಾಗಾಗಿ ತುಂಬಿದ್ದು ಹಳದಿ, ಖಾಲಿಯದು ಬೂದು ಎಂಬುದು ಒಂದೇ ಸೆಲ್‌ನಲ್ಲಿ ಆಗದ ಮಾತು. ಬಣ್ಣ ಬೇಕೇ ಬೇಕೆಂದರೆ ಎರಡು ಕಾಲಮ್ ಮಾಡಿ, ತುಂಬಿದ್ದನ್ನು ಬಲಕ್ಕೂ ಖಾಲಿಯದನ್ನು ಎಡಕ್ಕೂ ಒತ್ತಿ ಇಡಬೇಕು. ಕಪ್ಪು-ಬಿಳುಪಿನ ಪ್ರಿಂಟಿಗೆ ಅಷ್ಟು ತೊಂದರೆ ಯಾಕೆ.

ಕೀಲಿಮಣೆಯಲ್ಲಿ ★ ಇಲ್ಲ ಎಂದು ಸಾದಾ `*` ಬಳಸುವವರಿದ್ದಾರೆ. ನೋಡಲು ತೊಂದರೆಯಿಲ್ಲ, ಎಣಿಸಲು ಹೋದಾಗ ತೊಂದರೆ. `COUNTIF(E4:E11,"***")` ಎಂದರೆ ಮೂರು ನಕ್ಷತ್ರದವರನ್ನು ಎಣಿಸುವುದಿಲ್ಲ. `*` ಅಲ್ಲಿ ಯಾವುದೇ ಪಠ್ಯ ಎಂಬ ಅರ್ಥದ ಗುರುತು, ಎಲ್ಲರನ್ನೂ ಎಣಿಸಿಬಿಡುತ್ತದೆ. ★ ಅನ್ನು ಸೂತ್ರಕ್ಕೆ ತರಲು `UNICHAR(9733)`, ☆ಗೆ `UNICHAR(9734)` ಬಳಸಬಹುದು, ಎಕ್ಸೆಲ್ 2013ರಿಂದ ಈಚೆಗೆ ಅದು ಇದೆ. ಎಣಿಸುವುದನ್ನೂ ಸಾರ್ಟ್ ಮಾಡುವುದನ್ನೂ ನಕ್ಷತ್ರದ ಕಾಲಮ್ಮಿನ ಮೇಲೆ ಮಾಡದೆ I ಕಾಲಮ್ಮಿನ ಸಂಖ್ಯೆಯ ಮೇಲೆ ಮಾಡಿದರೆ ಯಾವ ರಗಳೆಯೂ ಇಲ್ಲ.

ಫಾಂಟು

ಹಳೆಯ ಉಪಾಯವೊಂದಿದೆ: █ ಬದಲು `|` ಬಳಸಿ, ಆ ಸೆಲ್‌ಗೆ ಪ್ಲೇಬಿಲ್ ಫಾಂಟ್ ಹಾಕುವುದು. ಕಡ್ಡಿಗಳು ಒಂದಕ್ಕೊಂದು ಅಂಟಿ ಗಟ್ಟಿ ಪಟ್ಟಿಯಾಗುತ್ತವೆ. ಆಫೀಸ್ ಇರುವ ಕಂಪ್ಯೂಟರಿನಲ್ಲಿ ಚಂದ, ಮೊಬೈಲಿನಲ್ಲಿ ಆ ಫಾಂಟಿಲ್ಲದೆ ಬಿಡಿ ಬಿಡಿ ಕಡ್ಡಿಗಳಾಗುತ್ತವೆ. ವಿಂಗ್‌ಡಿಂಗ್ಸ್ ಫಾಂಟಿನಲ್ಲಿ `n` ಹೊಡೆದು ಚೌಕ ಪಡೆಯುವುದೂ ಇದೇ ಜಾತಿ. ಫಾಂಟ್ ಹೋದರೆ ಉಳಿಯುವುದು nnnnn.

ನಮ್ಮ ಕಚೇರಿಗಳಲ್ಲಿ ಇದಕ್ಕೆ ಇನ್ನೊಂದು ತಿರುವಿದೆ. ಇಡೀ ಹಾಳೆಗೆ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್ ಹಾಕಿರುತ್ತಾರೆ. ಅದರಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಅಕ್ಷರ ಕೂತಿರುವುದರಿಂದ, n ಸಾಲು ಕನ್ನಡ ಅಕ್ಷರಗಳ ಸಾಲಾಗಿ ಬರುತ್ತದೆ. D ಮತ್ತು E ಕಾಲಮ್ಮುಗಳಿಗೆ ಮಾತ್ರ ಏರಿಯಲ್ ಅಥವಾ ಕನ್ಸೋಲಾಸ್ ಕೊಡಿ, 9 ಪಾಯಿಂಟ್ ಸಾಕು. ಅಕ್ಷರದ ಬಣ್ಣವನ್ನು ಗಾಢ ಬೂದು ಮಾಡಿದರೆ ಟೋನರೂ ಉಳಿಯುತ್ತದೆ, ಬ್ಲಾಕುಗಳ ನಡುವೆ ಕೆಲವು ಪ್ರಿಂಟರುಗಳಲ್ಲಿ ಬರುವ ಸಣ್ಣ ಬಿಳಿ ಗೆರೆಯೂ ಅಷ್ಟು ಎದ್ದು ಕಾಣುವುದಿಲ್ಲ.

ವಾಟ್ಸ್ಯಾಪ್ ಗುಂಪಿಗೆ ಇದನ್ನೇ ಪಠ್ಯವಾಗಿ ಕಳಿಸುವುದಾದರೆ ಸದಸ್ಯರ ಹೆಸರನ್ನು ಮೊದಲಿಗೆ ಇಡಬೇಡಿ. ಕನ್ನಡ ಹೆಸರುಗಳ ಅಗಲ ಒಂದೊಂದು ಥರ, ಪಟ್ಟಿಗಳು ಬೇರೆ ಬೇರೆ ಜಾಗದಿಂದ ಶುರುವಾಗಿ ಉದ್ದ ಹೋಲಿಸಲು ಬರುವುದಿಲ್ಲ. ಸಾಲಿನ ಶುರುವಿಗೆ ಪಟ್ಟಿ, ಆಮೇಲೆ ಅಂಕಿ, ಆಮೇಲೆ ಹೆಸರು ಅಥವಾ ಸಂಖ್ಯೆ:

```
=D4&" "&B4&" ಲೀ – "&A4
```

25 ಬ್ಲಾಕ್ ಮೊಬೈಲಿನ ಅಗಲಕ್ಕೆ ಜಾಸ್ತಿಯಾಗಿ ಸಾಲು ಮುರಿಯಬಹುದು. ಅದಕ್ಕೆಂದು ಬೇರೆ ಶೀಟಿನಲ್ಲಿ ನಕಲು ಮಾಡಿ G1ರ 20ನ್ನು 50ಕ್ಕೆ ಏರಿಸಿದರೆ 412 ಲೀಟರಿಗೆ ಎಂಟೇ ಬ್ಲಾಕ್ ಬರುತ್ತದೆ. 9 ಲೀಟರಿನವರು ಮಾತ್ರ ಮತ್ತೆ ಮಾಯವಾಗುತ್ತಾರೆ. H4ರಲ್ಲಿ ROUND ಜಾಗದಲ್ಲಿ ROUNDUP ಹಾಕಿದರೆ ಅವರಿಗೂ ಅರ್ಧ ಬ್ಲಾಕ್ ಸಿಗುತ್ತದೆ, ಉಳಿದವರ ಪಟ್ಟಿ ಹೆಚ್ಚೆಂದರೆ ಅರ್ಧ ಬ್ಲಾಕಿನಷ್ಟು ಬೆಳೆಯುತ್ತದೆ.